ಕಸೂತಿ ಕೆಲಸಕ್ಕೆ ರೆಡಿಮೇಡ್ ಚಾಳೀಸು: ನಂಬರ್ ಏರಿಸಬೇಕಾ, ಪರೀಕ್ಷೆ ಮಾಡಿಸಬೇಕಾ?

ಮಾಳಮಡ್ಡಿ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 56 ವರ್ಷ. ಧಾರವಾಡದಲ್ಲಿ ಮನೆಯಲ್ಲೇ ಕೂತು ಕಸೂತಿ ಹಾಕುತ್ತಾರೆ. ಸೀರೆ ಸೆರಗು, ಕುಪ್ಪಸದ ತೋಳು, ಎಲ್ಲ ಆರ್ಡರ್ ಮೇಲೆ. ಹೋದ ವರ್ಷ ಹುಬ್ಬಳ್ಳಿಗೆ ಹೋದಾಗ ದುರ್ಗದಬೈಲ್‌ನಲ್ಲಿ 120 ರೂಪಾಯಿಗೆ ಒಂದು ರೆಡಿಮೇಡ್ ಚಾಳೀಸು ತಗೊಂಡರು. ನಂಬರ್ 2.50.

ಪೇಪರ್ ಓದಲು ತೊಂದರೆ ಇಲ್ಲ. ಆದರೆ ಕಸೂತಿ ಹಿಡಿದರೆ ಅರ್ಧ ಗಂಟೆಗೆ ಹುಬ್ಬಿನ ಮೇಲೆ ನೋವು ಶುರು. ಅದನ್ನಾದರೂ ತಡೆದುಕೊಳ್ಳುತ್ತಾರೆ, ಈಗ ಎಳೆ ಎಣಿಕೆ ತಪ್ಪುತ್ತಿದೆ. ಗವಂತಿ ಹೊಲಿಗೆ ಹಾಕುವಾಗ ಹೋಗುವ ಸಾಲು ಸರಿ ಇರುತ್ತದೆ, ತಿರುಗಿ ಬರುವಾಗ ಒಂದು ಎಳೆ ಆಚೆ ಈಚೆ ಆಗುತ್ತದೆ. ಮತ್ತೆ ಬಿಚ್ಚಬೇಕು. ಮುಂದೆ ಚಂದ್ರಕಾಳಿ ಸೀರೆಯ ಆರ್ಡರ್ ಇದೆ, ಕರಿ ಬಟ್ಟೆ.

ಅಂಗಡಿಯವರು 3.00 ತಗೊಳ್ಳಿ, ಸರಿಹೋಗುತ್ತದೆ ಎನ್ನುತ್ತಾರೆ. ನಾನು ಪರೀಕ್ಷೆ ಮಾಡಿಸೋಣ ಎನ್ನುತ್ತೇನೆ. ಅವ್ವ "ಪೇಪರ್ ಕಾಣತದಲ್ಲ, ಕಣ್ಣು ಚಲೋ ಅದಾವ" ಎಂದು ಹಠ ಹಿಡಿದಿದ್ದಾರೆ. ನಂಬರ್ ಏರಿಸಿದರೆ ಸಾಕಾಗುತ್ತದಾ?

ಉಣಕಲ್ ಕೆರೆ

ರೆಡಿಮೇಡ್ ಮೊದಲು ತೆಗೆದು ಬಿಸಾಡಿ. ಅದು ಕಣ್ಣನ್ನೇ ಹಾಳು ಮಾಡುತ್ತದೆ. ಹಾಕಿದಷ್ಟೂ ನಂಬರ್ ಏರುತ್ತಾ ಹೋಗುತ್ತದೆ. ನಮ್ಮ ಚಿಕ್ಕಪ್ಪನಿಗೆ 1.00 ಇದ್ದದ್ದು 2.00ಕ್ಕೆ ಬಂತು.

ಗದಗ ಮೇಷ್ಟ್ರು

ನಾನು ನಲವತ್ತೈದರಿಂದ ರೆಡಿಮೇಡ್ ಹಾಕುತ್ತಿದ್ದೇನೆ. ಈಗ ಐವತ್ತೆಂಟು. ಉತ್ತರ ಪತ್ರಿಕೆ ತಿದ್ದುವುದು, ಓದುವುದು ಎಲ್ಲ ಅದರಲ್ಲೇ. ಒಂದು ದಿನ ತಲೆ ನೋಯಲಿಲ್ಲ. ಟಾಂಗಾಕೂಟದ ಹತ್ತಿರ ಒಮ್ಮೆಗೆ ಎರಡು ತಂದುಬಿಡುತ್ತೇನೆ, ಒಂದು ಮನೆಗೆ, ಒಂದು ಶಾಲೆಗೆ. ವಯಸ್ಸಿಗೆ ತಕ್ಕ ನಂಬರ್ ತಗೊಂಡರೆ ಆಯಿತು. ಸುಮ್ನೆ ಸಾವಿರಾರು ರೂಪಾಯಿ ಯಾಕೆ?

ಉಣಕಲ್ ಕೆರೆ

ಮೇಷ್ಟ್ರೇ, ನಿಮಗೆ ಸರಿಹೋಯಿತು ಎಂದರೆ ಎಲ್ಲರಿಗೂ ಸರಿಹೋಗುತ್ತದಾ?

ಕಣ್ಣಿನ ಕೋಣೆ

ನಾನು ಹುಬ್ಬಳ್ಳಿಯಲ್ಲಿ ಆಪ್ಟೋಮೆಟ್ರಿಸ್ಟ್. ದಿನವೂ ಕಣ್ಣು ನೋಡಿ ನಂಬರ್ ತೆಗೆಯುವುದೇ ಕೆಲಸ. ಉಣಕಲ್ ಕೆರೆಯವರೇ, ಅದು ಹಾಗಲ್ಲ. ರೆಡಿಮೇಡ್ ಹಾಕಿದ್ದರಿಂದ ಕಣ್ಣು ಕೆಡುವುದಿಲ್ಲ, ನಂಬರೂ ಏರುವುದಿಲ್ಲ. ನಲವತ್ತು ದಾಟಿದ ಮೇಲೆ ಕಣ್ಣಿನ ಒಳಗಿನ ಮಸೂರ ಗಟ್ಟಿಯಾಗುತ್ತಾ ಹೋಗುತ್ತದೆ, ಹತ್ತಿರದ್ದನ್ನು ನೋಡಲು ಅದು ಉಬ್ಬಬೇಕು, ಉಬ್ಬುವುದಿಲ್ಲ. ಕನ್ನಡಕ ಹಾಕಿದರೂ ಹಾಕದಿದ್ದರೂ ಅರವತ್ತರ ಸುಮಾರಿಗೆ ಹೆಚ್ಚಿನವರಿಗೆ 2.50ರ ಹತ್ತಿರ ಬೇಕಾಗುತ್ತದೆ. ನಿಮ್ಮ ಚಿಕ್ಕಪ್ಪನಿಗೂ ಆದದ್ದು ಅದೇ.

ಮಾಳಮಡ್ಡಿ ಮಗಳು, ನಂಬರಿನ ಮಾತು ಆಮೇಲೆ. ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಹಗಲು ಬೆಳಕಿನಲ್ಲಿ ಅವ್ವ ಅದೇ ಚಾಳೀಸು ಹಾಕಿಕೊಂಡು, ಕಸೂತಿಗೆ ಹಿಡಿಯುವಷ್ಟೇ ದೂರದಲ್ಲಿ ಬಟ್ಟೆ ಹಿಡಿಯಲಿ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬಲಗಣ್ಣಲ್ಲಿ ಮಾತ್ರ ಎಳೆಗಳನ್ನು ನೋಡಲಿ. ಕಣ್ಣು ಒತ್ತಬಾರದು, ಬರೀ ಮರೆ ಮಾಡಬೇಕು. ಉದ್ದ ಎಳೆ, ಅಡ್ಡ ಎಳೆ ಎರಡೂ ಒಂದೇ ಥರ ಸ್ಪಷ್ಟವಾಗಿ ಕಾಣುತ್ತವಾ ಎಂದು ಕೇಳಿ. ಆಮೇಲೆ ಇನ್ನೊಂದು ಕಣ್ಣು. ಯಾವುದಾದರೂ ಒಂದು ಕಡೆಯ ಎಳೆ ಮಸುಕಾಗಿ ಕಂಡರೆ ಬಟ್ಟೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಲಿ. ಏನು ಕಂಡಿತು ಇಲ್ಲಿ ಬರೆಯಿರಿ. ಇದು ಪರೀಕ್ಷೆಗೆ ಬದಲಿ ಅಲ್ಲ. ಆದರೆ 3.00 ತರಲು ಹೋಗಬೇಕಾ ಬೇಡವಾ ಎನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ಹಾವೇರಿ ಹುಡುಗ

ಕಂಪ್ಯೂಟರ್ ಮುಂದೆ ಕೂರುವವರಿಗೆ ನೀಲಿ ಬೆಳಕು ತಡೆಯುವ ಕನ್ನಡಕ ತಗೊಳ್ಳಬೇಕಾ? ನನಗೆ 24.

ಬೆಟಗೇರಿ ಮಗ್ಗ

ತಮ್ಮಾ, ಇಲ್ಲಿ ವಿಷಯ ಬೇರೆ ನಡೆದಿದೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡು.

ಅಕ್ಕಾರೆ, ನಮ್ಮಲ್ಲಿ ನೇಕಾರರು ಬಹಳ ಜನ ರೆಡಿಮೇಡೇ ಹಾಕುತ್ತಾರೆ. ಎಳೆ ಕಡಿದರೆ ಗಂಟು ಹಾಕಲು ಅದೇ ಸಾಕು. ಆದರೆ ಅದು ನಾಲ್ಕು ಕ್ಷಣದ ಕೆಲಸ. ಕಸೂತಿಗೆ ತಾಸುಗಟ್ಟಲೆ ಎಣಿಸಬೇಕು. ಅದಕ್ಕೇ ವ್ಯತ್ಯಾಸ ಗೊತ್ತಾಗುತ್ತಿದೆ ಅನ್ನಿಸುತ್ತದೆ.

ಗದಗ ಮೇಷ್ಟ್ರು

ಒಂದು ಮಾತು ಹೇಳುತ್ತೇನೆ. ರೆಡಿಮೇಡ್ ಎಂದರೆ ಮೂಗು ಮುರಿಯುವವರು 2018ರ ಅಸ್ಸಾಂ ಅಧ್ಯಯನ ನೋಡಬೇಕು. ನಲವತ್ತು ದಾಟಿದ, ಚಹಾ ಎಲೆ ಕೀಳುವ ಕೆಲಸಗಾರರಿಗೆ ಹತ್ತಿರದ ಕನ್ನಡಕ ಕೊಟ್ಟರು. ಕನ್ನಡಕ ಸಿಕ್ಕವರ ಕೆಲಸ, ಸಿಗದವರಿಗಿಂತ ಸುಮಾರು 22% ಜಾಸ್ತಿ ಏರಿತು. ದೊಡ್ಡ ವೈದ್ಯ ಪತ್ರಿಕೆಯಲ್ಲಿ ಬಂದ ವಿಷಯ ಇದು. ಕಣ್ಣು ಕಾಣದೆ ಒದ್ದಾಡುವುದಕ್ಕಿಂತ 120 ರೂಪಾಯಿಯ ಚಾಳೀಸು ಸಾವಿರ ಪಾಲು ಮೇಲು.

ಕಣ್ಣಿನ ಕೋಣೆ

ಮೇಷ್ಟ್ರೇ, ಆ ಅಧ್ಯಯನ ನಿಜ. ನಾನೂ ಅದನ್ನು ಜನರಿಗೆ ಹೇಳುತ್ತೇನೆ. ಆದರೆ ಅದಕ್ಕೆ ಯಾರನ್ನು ಆರಿಸಿಕೊಂಡರು ಎಂಬುದನ್ನೂ ಹೇಳಬೇಕು. ದೂರದ ದೃಷ್ಟಿ ಚೆನ್ನಾಗಿದ್ದವರನ್ನು, ಕಣ್ಣಿನ ಬೇರೆ ಕಾಯಿಲೆ ಇಲ್ಲದವರನ್ನು ಪರೀಕ್ಷೆ ಮಾಡಿ ಆರಿಸಿದ್ದರು. ಎರಡೂ ಕಣ್ಣು ದೂರಕ್ಕೆ ಚಲೋ ಇದ್ದು, ಬರೀ ಹತ್ತಿರದ್ದು ಕಾಣದಿದ್ದರೆ ರೆಡಿಮೇಡ್ ಬಹಳ ಒಳ್ಳೆಯ ಸಾಧನ. ನೀವು ಬಹುಶಃ ಆ ಗುಂಪಿನವರು. ಮಾಳಮಡ್ಡಿಯ ಅವ್ವ ಆ ಗುಂಪಿನವರಾ ಎನ್ನುವುದೇ ಇಲ್ಲಿಯ ಪ್ರಶ್ನೆ.

ಮಾಳಮಡ್ಡಿ ಮಗಳು

ಸರ್, ನೀವು ಹೇಳಿದ ಹಾಗೆ ಮಾಡಿದೆವು. ಬಲಗಣ್ಣಲ್ಲಿ ಎರಡೂ ಕಡೆಯ ಎಳೆ ಕಾಣುತ್ತವೆ. ಸ್ವಲ್ಪ ಹೊತ್ತು ನೋಡಿದರೆ ಆಯಾಸ ಅಷ್ಟೇ. ಎಡಗಣ್ಣಲ್ಲಿ ಮಾತ್ರ ಉದ್ದ ಎಳೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತದೆ, ಅಡ್ಡ ಎಳೆಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ. ಬಟ್ಟೆ ತಿರುಗಿಸಿದ ಮೇಲೆ ಮೊದಲು ಚಲೋ ಕಂಡಿದ್ದ ಎಳೆಗಳೇ ಅಡ್ಡ ಬಂದು ಮಸುಕಾದವು! ಅವ್ವನಿಗೇ ಆಶ್ಚರ್ಯ. ಇಷ್ಟು ದಿನ ಬಟ್ಟೆಯ ನೇಯ್ಗೆ ಸರಿ ಇಲ್ಲ ಎಂದು ಅಂಗಡಿಯವರ ಜೊತೆ ಜಗಳ ಆಡುತ್ತಿದ್ದರು.

ಕಣ್ಣಿನ ಕೋಣೆ

ಸರಿ ಹಾಗಿದ್ದರೆ. ತಪ್ಪು ಬಟ್ಟೆಯಲ್ಲಿ ಇದ್ದಿದ್ದರೆ ತಿರುಗಿಸಿದಾಗ ಮಸುಕು ಆ ಎಳೆಗಳ ಜೊತೆಯೇ ಹೋಗಬೇಕಿತ್ತು. ಮಸುಕು ಅಲ್ಲೇ ನಿಂತು ಎಳೆ ಬದಲಾದವು ಎಂದರೆ ಅದು ಕಣ್ಣಿನದು. ಎಡಗಣ್ಣಲ್ಲಿ ಸಿಲಿಂಡರ್ ನಂಬರ್ ಇರುವ ಸಾಧ್ಯತೆ ಬಹಳ. ಕಣ್ಣಿನ ಮುಂಭಾಗದ ಪಾರದರ್ಶಕ ಗುಮ್ಮಟ ಎಲ್ಲ ಕಡೆ ಒಂದೇ ಸಮ ದುಂಡಗೆ ಇರದೆ, ಒಂದು ಕಡೆ ಹೆಚ್ಚು ಬಾಗಿರುತ್ತದೆ. ಹಾಗಾಗಿ ಉದ್ದ ಗೆರೆ ಒಂದು ದೂರದಲ್ಲಿ, ಅಡ್ಡ ಗೆರೆ ಇನ್ನೊಂದು ದೂರದಲ್ಲಿ ಸ್ಪಷ್ಟವಾಗುತ್ತದೆ.

ರೆಡಿಮೇಡ್‌ನಲ್ಲಿ ಸಿಲಿಂಡರ್ ಇರುವುದೇ ಇಲ್ಲ. ಎರಡೂ ಗಾಜಿಗೆ ಒಂದೇ ನಂಬರ್. ಅದಕ್ಕೆ 3.00 ತಂದರೂ ಪ್ರಯೋಜನ ಇಲ್ಲ. ಉದ್ದ, ಅಡ್ಡ ಎರಡೂ ಗೆರೆ ಸ್ಪಷ್ಟವಾಗುವ ಜಾಗ ಕಣ್ಣಿಗೆ ಇನ್ನಷ್ಟು ಹತ್ತಿರ ಬರುತ್ತದೆ, ಅವುಗಳ ನಡುವಿನ ನಂಬರಿನ ಅಂತರ ಹಾಗೇ ಉಳಿಯುತ್ತದೆ. ದಯವಿಟ್ಟು ಪರೀಕ್ಷೆ ಮಾಡಿಸಿ.

ಹೋಗುವಾಗ ಹಾಕುತ್ತಿರುವ ಕಸೂತಿಯ ಬಟ್ಟೆ, ಸೂಜಿ, ಈಗಿನ ಚಾಳೀಸು ಮೂರೂ ತಗೊಂಡು ಹೋಗಿ. ಕಣ್ಣಿನಿಂದ ಬಟ್ಟೆಗೆ ಎಷ್ಟು ಸೆಂಟಿಮೀಟರ್ ಎಂದು ಮನೆಯಲ್ಲೇ ಟೇಪಿನಿಂದ ಅಳೆದು ಬರೆದುಕೊಳ್ಳಿ. ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಓದುವ ದೂರಕ್ಕೆ, ಅಂದರೆ 40 ಸೆಂ.ಮೀ.ಗೆ ನಂಬರ್ ಕೊಡುತ್ತಾರೆ. ಕಸೂತಿ ಅದಕ್ಕಿಂತ ಹತ್ತಿರ.

ಬ್ಯಾಡಗಿ ಕೆಂಪು

ಇದನ್ನು ಓದಿ ನಾನೂ ಹೇಳಬೇಕು ಅನ್ನಿಸಿತು. ನಮ್ಮ ಅಪ್ಪನಿಗೆ 68. ಹದಿನೈದು ವರ್ಷದಿಂದ ರೆಡಿಮೇಡ್ ಹಾಕುತ್ತಿದ್ದರು. ಈ ವರ್ಷ ಅದನ್ನು ಬಿಟ್ಟೇ ಬಿಟ್ಟರು. ಚಾಳೀಸು ಇಲ್ಲದೆ ಎಪಿಎಂಸಿ ಚೀಟಿ ಓದುತ್ತಾರೆ. ದಿನಾ ಬೆಳಿಗ್ಗೆ ಗಜ್ಜರಿ ತಿಂದದ್ದಕ್ಕೆ ಕಣ್ಣು ವಾಪಸ್ ಬಂತು ಎಂದು ಊರೆಲ್ಲ ಹೇಳುತ್ತಿದ್ದಾರೆ. ಆದ್ದರಿಂದ ಆಹಾರದಿಂದಲೂ ಸರಿಹೋಗುತ್ತದೆ.

ಕಣ್ಣಿನ ಕೋಣೆ

ಅಣ್ಣಾರೆ, ಒಂದು ಕೇಳಲಾ? ಅಪ್ಪನಿಗೆ ದೂರದ ಬಸ್ಸಿನ ಬೋರ್ಡು ಮೊದಲಿನ ಹಾಗೆ ಕಾಣುತ್ತದಾ? ರಾತ್ರಿ ಎದುರಿನ ಗಾಡಿಯ ಲೈಟು ಚದುರಿದ ಹಾಗೆ ಕಾಣುತ್ತದಾ?

ಬ್ಯಾಡಗಿ ಕೆಂಪು

ಬೋರ್ಡು ಈಗ ನಾವೇ ಓದಿ ಹೇಳುತ್ತೇವೆ. ರಾತ್ರಿ ಬೈಕ್ ಓಡಿಸುವುದನ್ನು ಬಿಟ್ಟಿದ್ದಾರೆ. ವಯಸ್ಸಾಯಿತಲ್ಲ ಎಂದುಕೊಂಡಿದ್ದೆವು.

ಕಣ್ಣಿನ ಕೋಣೆ

ಹಾಗಾದರೆ ಇದು ಗಜ್ಜರಿಯ ಕೆಲಸ ಅಲ್ಲ. ಹೆಚ್ಚಾಗಿ ಪೊರೆ ಬಂದಿರುತ್ತದೆ. ಒಂದು ಬಗೆಯ ಪೊರೆಯಲ್ಲಿ ಕಣ್ಣಿನ ಮಸೂರದ ನಡುಭಾಗ ಗಟ್ಟಿಯಾಗಿ, ಕಣ್ಣು ಮೈನಸ್ ನಂಬರಿನ ಕಡೆ ಜಾರುತ್ತದೆ. ಆಗ ಹತ್ತಿರದ್ದು ಚಾಳೀಸು ಇಲ್ಲದೆ ಕಾಣಲು ಶುರುವಾಗುತ್ತದೆ, ದೂರದ್ದು ಮಸುಕಾಗುತ್ತದೆ. ಕೆಲವು ತಿಂಗಳು ಬಹಳ ಖುಷಿ ಇರುತ್ತದೆ, ಆಮೇಲೆ ಹತ್ತಿರದ್ದೂ ಮಸುಕಾಗುತ್ತದೆ. ಓಡಿ ಹೋಗುವಂಥ ತುರ್ತು ಇಲ್ಲ, ಆದರೆ ತೋರಿಸಿ. ಗಜ್ಜರಿ ತಿನ್ನಲಿ, ಒಳ್ಳೆಯದೇ.

ಬ್ಯಾಡಗಿ ಕೆಂಪು

ಅಪ್ಪ ಒಪ್ಪುವುದಿಲ್ಲ ಸರ್. "ಓದಾಕ ಬರತದ, ಮತ್ಯಾಕ ದವಾಖಾನಿ" ಎನ್ನುತ್ತಾರೆ.

ರಾಣೆಬೆನ್ನೂರು ರಾಗಿ

ನಮ್ಮ ಜಿಲ್ಲೆಯಲ್ಲಿ ಆಶಾಕಿರಣ ಯೋಜನೆಯಲ್ಲಿ ಮನೆಗೇ ಬಂದು ಕಣ್ಣು ನೋಡಿದರು. ನಮ್ಮ ಅಜ್ಜಿಗೆ ಅಲ್ಲಿಂದಲೇ ಕನ್ನಡಕ ಸಿಕ್ಕಿತು. ಆಶಾ ಕಾರ್ಯಕರ್ತೆಯರನ್ನು ಕೇಳಿ, ಹತ್ತಿರದಲ್ಲಿ ಎಲ್ಲಿ ತಪಾಸಣೆ ಇದೆ ಎಂದು ಅವರಿಗೆ ಗೊತ್ತಿರುತ್ತದೆ. ಅಪ್ಪನಿಗೆ "ದೂರದ್ದು ತೋರಿಸಲು" ಎಂದು ಕರೆದುಕೊಂಡು ಹೋಗಿ. ಹತ್ತಿರದ್ದರ ಮಾತೇ ಎತ್ತಬೇಡಿ.

ಲೈನ್ ಬಜಾರ್ ಚಸ್ಮಾ

ನಾನು ಕನ್ನಡಕದ ಅಂಗಡಿ ನಡೆಸುವವನು. ಎಲ್ಲರೂ ನಂಬರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ರೆಡಿಮೇಡ್‌ನಲ್ಲಿ ಮುಖ್ಯ ತೊಂದರೆ ಪಿಡಿ. ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ. ರೆಡಿಮೇಡ್ ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆಗೆ ಮಾಡಿರುತ್ತಾರೆ, ಅದೂ ಗಂಡಸರ ಅಗಲ ಮುಖಕ್ಕೆ ಹೊಂದುವ ಹಾಗೆ. ನಮ್ಮ ಹೆಣ್ಣುಮಕ್ಕಳ ಮುಖ ಸಣ್ಣದು. ಗಾಜಿನ ನಡು ಕಣ್ಣಿನ ನಡುವಿಗೆ ಬರುವುದಿಲ್ಲ. ಆ ತಲೆನೋವು ಅದರಿಂದಲೇ ಬಂದದ್ದು, ಬರೆದು ಇಟ್ಟುಕೊಳ್ಳಿ.

ಕಣ್ಣಿನ ಕೋಣೆ

ಅಂತರದ ಮಾತು ಸರಿ ಇದೆ, ಆದರೆ "ಅದರಿಂದಲೇ" ಎನ್ನಲಾಗದು. ಹತ್ತಿರ ನೋಡುವಾಗ ಎರಡೂ ಕಣ್ಣು ಮೂಗಿನ ಕಡೆ ತಿರುಗುತ್ತವೆ. ಗಾಜಿನ ನಡು ಹೊರಗಡೆ ಇದ್ದರೆ ಪ್ಲಸ್ ಗಾಜು ಕಣ್ಣನ್ನು ಇನ್ನಷ್ಟು ಒಳಗೆ ತಿರುಗಿಸುವಂತೆ ಮಾಡುತ್ತದೆ, ಅದು ಆಯಾಸ. ಆದರೆ ಇದು ನಂಬರಿಗೆ ತಕ್ಕಂತೆ ಹೆಚ್ಚುತ್ತದೆ. 1.00ಕ್ಕೆ ಯಾರಿಗೂ ಗೊತ್ತೇ ಆಗುವುದಿಲ್ಲ. 2.50, 3.00ಕ್ಕೆ, ಸಣ್ಣ ಮುಖದವರು ತಾಸುಗಟ್ಟಲೆ ನೋಡಿದರೆ ಗೊತ್ತಾಗುತ್ತದೆ. ಅಂದರೆ 3.00ಕ್ಕೆ ಏರಿಸುವುದು ಇವರಿಗೆ ಎರಡು ಕಡೆಯಿಂದ ತೊಂದರೆ.

ಲೈನ್ ಬಜಾರ್ ಚಸ್ಮಾ

ಅದನ್ನೇ ನಾನು ಹೇಳಿದ್ದು.

ನವಲಗುಂದ ಹೊಲ

ಸರ್, ನನ್ನ ಹೆಂಡತಿಯ ಬಗ್ಗೆ ಕೇಳಬೇಕಿತ್ತು. 43 ವರ್ಷ. ಎರಡು ವರ್ಷದ ಹಿಂದೆ 1.50 ತಂದಳು. ಆಮೇಲೆ 2.00, ಈಗ 3.00. ಪ್ರತಿ ಸಲ ಸಂತೆಯಲ್ಲಿ ಹಾಕಿ ನೋಡಿ ತರುತ್ತಾಳೆ. ಸಂಜೆ ಹೊತ್ತು ತಲೆನೋವು, ಮಲಗಿ ಎದ್ದರೆ ಹೋಗುತ್ತದೆ. ಒಂದೆರಡು ಸಲ ಬಲ್ಬಿನ ಸುತ್ತ ಕಾಮನಬಿಲ್ಲಿನ ಥರ ಬಣ್ಣದ ಉಂಗುರ ಕಾಣುತ್ತದೆ ಎಂದಳು. ಅವಳಿಗೂ ಇದೇ ಸಿಲಿಂಡರ್ ಇರಬಹುದಾ?

ಕಣ್ಣಿನ ಕೋಣೆ

ಅಣ್ಣಾರೆ, ನಿಮ್ಮ ವಿಷಯ ಬೇರೆ, ಇದನ್ನು ಮುಂದೂಡಬೇಡಿ. ಈ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕನ್ನಡಕದ ಅಂಗಡಿಗೆ ಅಲ್ಲ.

43ಕ್ಕೆ ಓದಲು 1.00, ಹೆಚ್ಚೆಂದರೆ 1.50 ಸಾಕಾಗಬೇಕು. 3.00 ಬೇಕಾಗುತ್ತಿದೆ ಎಂದರೆ ದೂರಕ್ಕೂ ಪ್ಲಸ್ ನಂಬರ್ ಇದ್ದು, ಇಷ್ಟು ವರ್ಷ ಕಣ್ಣು ತನ್ನ ಶಕ್ತಿ ಹಾಕಿ ಅದನ್ನು ಮುಚ್ಚಿಟ್ಟಿರಬಹುದು. ಅಂಥ ಕಣ್ಣು ಅಳತೆಯಲ್ಲಿ ಸ್ವಲ್ಪ ಸಣ್ಣದು. ಒಳಗಿನ ನೀರು ಹರಿದು ಹೋಗುವ ಸಂದಿ ಕಿರಿದಾಗಿರುತ್ತದೆ. ಸಂಜೆ ಕತ್ತಲಾದಾಗ ಪಾಪೆ ದೊಡ್ಡದಾಗಿ ಆ ಸಂದಿ ಮುಚ್ಚಿಕೊಂಡರೆ ಕಣ್ಣಿನ ಒಳಗಿನ ಒತ್ತಡ ಏರುತ್ತದೆ. ಉಂಗುರ ಕಾಣುವುದು, ತಲೆನೋವು ಬರುವುದು ಅದಕ್ಕೆ ಆಗಿರಬಹುದು. ನಿದ್ದೆಯಲ್ಲಿ ಪಾಪೆ ಸಣ್ಣದಾಗುತ್ತದೆ, ಅದಕ್ಕೇ ಮಲಗಿ ಎದ್ದರೆ ಕಡಿಮೆಯಾಗುತ್ತದೆ. ನೋಡದೆ ಇದೇ ಎಂದು ಹೇಳಲು ಬರುವುದಿಲ್ಲ. ಮೈಗ್ರೇನ್ ಕೂಡ ಇರಬಹುದು. ಆದರೆ ಆ ಒತ್ತಡದಿಂದ ಕಣ್ಣಿನ ನರ ಕೆಡುವ ಗ್ಲಾಕೋಮಾ ಆಗಿದ್ದರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಡಾಕ್ಟರಿಗೆ ಮೂರು ವಿಷಯ ಮರೆಯದೆ ಹೇಳಿ: ನಂಬರ್ ಎಷ್ಟು ಬೇಗ ಏರಿತು, ಸಂಜೆಯ ನೋವು, ಬಣ್ಣದ ಉಂಗುರ. ಒತ್ತಡವನ್ನೂ ಆ ಸಂದಿಯನ್ನೂ ನೋಡುತ್ತಾರೆ. ಸಂದಿ ಕಿರಿದಾಗಿದ್ದರೆ ಲೇಸರಿನಿಂದ ಸಣ್ಣ ತೂತು ಮಾಡಿ ದಾರಿ ಬಿಡಿಸುತ್ತಾರೆ, ಅದೇ ದಿನ ಮನೆಗೆ ಬರಬಹುದು. ಒಂದು ವೇಳೆ ಜೋರು ನೋವು, ಕಣ್ಣು ಕೆಂಪು, ವಾಂತಿ ಬಂದರೆ ಬೆಳಗಾಗುವವರೆಗೂ ಕಾಯಬೇಡಿ. ರಾತ್ರಿಯೇ ಹುಬ್ಬಳ್ಳಿಗೆ ಬನ್ನಿ, ಕಿಮ್ಸ್‌ನಲ್ಲಿ ತುರ್ತು ಚಿಕಿತ್ಸೆ ಇದೆ.

ನವಲಗುಂದ ಹೊಲ

ಆಯಿತು ಸರ್. ನಾಳೆಯೇ ಹೊರಡುತ್ತೇವೆ.

ಉಣಕಲ್ ಕೆರೆ

ನೋಡಿದಿರಾ? ಅದಕ್ಕೇ ರೆಡಿಮೇಡ್ ಬೇಡ ಎಂದದ್ದು.

ಗದಗ ಮೇಷ್ಟ್ರು

ಚಾಳೀಸಿನಿಂದ ಆದದ್ದಲ್ಲ ಅಲ್ವಾ ಅದು? ಕಾಯಿಲೆ ಮೊದಲೇ ಇದೆ.

ಉಣಕಲ್ ಕೆರೆ

ಇರಬಹುದು. ಆದರೆ 2.00 ಆದ ಮೇಲೆ ಸಂತೆಗೆ ಹೋಗುವ ಬದಲು ದವಾಖಾನೆಗೆ ಹೋಗಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಸುಲಭವಾಗಿ ಸಿಗುತ್ತದೆ ಎಂದೇ ಜನ ಪರೀಕ್ಷೆ ಬಿಡುತ್ತಾರೆ.

ಕಣ್ಣಿನ ಕೋಣೆ

ಇಬ್ಬರ ಮಾತಿನಲ್ಲೂ ಹುರುಳಿದೆ. ಚಾಳೀಸು ಕೆಟ್ಟದ್ದು ಮಾಡುವುದಿಲ್ಲ, ಹೋಗಬೇಕಾದವರನ್ನು ತಡವಾಗಿ ಕಳಿಸುತ್ತದೆ. ನನ್ನ ಮುಂದೆ ಬಂದು ಕೂರುವವರಲ್ಲಿ ಚೀಲದ ತುಂಬ ಬೇರೆ ಬೇರೆ ನಂಬರಿನ ರೆಡಿಮೇಡ್ ಇಟ್ಟುಕೊಂಡವರು ಇದ್ದರೆ ನಾನು ಮೊದಲು ಕೇಳುವುದು ಸಕ್ಕರೆ ಕಾಯಿಲೆ ಇದೆಯಾ ಎಂದು.

ಕೆಲಗೇರಿ

ನನಗೆ ಶುಗರ್ ಇದೆ. ಹೋದ ತಿಂಗಳು ಗುಳಿಗೆ ಬದಲಾಯಿಸಿದರು. ಆ ಮೇಲೆ ಇದ್ದ ಚಾಳೀಸಿನಲ್ಲಿ ಅಕ್ಷರ ಕಾಣುವುದೇ ಇಲ್ಲ. ಹೊಸ ಕನ್ನಡಕಕ್ಕೆ ಬರೆಸೋಣ ಎಂದಿದ್ದೇನೆ. ದೂರ, ಹತ್ತಿರ ಎರಡಕ್ಕೂ ಒಂದೇ ಗಾಜು ಆಗುವ ಪ್ರೋಗ್ರೆಸ್ಸಿವ್ ಮಾಡಿಸಲು ಐದು ಸಾವಿರ ಹೇಳಿದ್ದಾರೆ.

ಕಣ್ಣಿನ ಕೋಣೆ

ಅಕ್ಕಾರೆ, ಐದು ಸಾವಿರ ಈಗಲೇ ಹಾಕಬೇಡಿ. ಶುಗರ್ ಜೋರಾಗಿ ಏರಿ ಇಳಿದಾಗ ಕಣ್ಣಿನ ಮಸೂರದ ನೀರಿನ ಅಂಶ ಬದಲಾಗಿ ನಂಬರೂ ಆಚೆ ಈಚೆ ಆಗುತ್ತದೆ. ಶುಗರ್ ಒಂದು ಹದಕ್ಕೆ ಬಂದು ಕೆಲವು ವಾರ ಹಾಗೇ ನಿಂತ ಮೇಲೆ ನಂಬರ್ ತೆಗೆಸಿ. ಅಲ್ಲಿಯವರೆಗೆ ಫೋನು, ಪಾಸ್‌ಬುಕ್ ನೋಡಲು ಒಂದು ರೆಡಿಮೇಡ್ ಇಟ್ಟುಕೊಂಡರೆ ತಪ್ಪಿಲ್ಲ. ಆದರೆ ಪಾಪೆ ದೊಡ್ಡದು ಮಾಡುವ ಹನಿ ಹಾಕಿ ಕಣ್ಣಿನ ಹಿಂಭಾಗದ ನರದ ಪರದೆ ನೋಡಿಸುವುದನ್ನು ಮುಂದೆ ಹಾಕಬೇಡಿ. ಶುಗರ್ ಇರುವವರು ವರ್ಷಕ್ಕೊಮ್ಮೆ ಅದನ್ನು ಮಾಡಿಸಲೇಬೇಕು. ಅಲ್ಲಿ ರಕ್ತ ಸೋರಲು ಶುರುವಾದರೂ ಬಹಳ ದಿನ ಓದಲು ಏನೂ ತೊಂದರೆ ಆಗುವುದಿಲ್ಲ.

ಕೆಲಗೇರಿ

ಹನಿ ಹಾಕಿದ ದಿನ ಸ್ಕೂಟಿ ಓಡಿಸಬಹುದಾ?

ಬೆಟಗೇರಿ ಮಗ್ಗ

ಬೇಡ ಅಕ್ಕಾರೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಏನೂ ಕಾಣುವುದಿಲ್ಲ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಮಾಳಮಡ್ಡಿ ಮಗಳು

ಪರೀಕ್ಷೆ ಆಯಿತು! ಕಸೂತಿ ಬಟ್ಟೆಯನ್ನೂ ತಗೊಂಡು ಹೋಗಿದ್ದೆವು. ಮನೆಯಲ್ಲಿ ಅಳೆದಾಗ ಕಣ್ಣಿಗೂ ಬಟ್ಟೆಗೂ 33 ಸೆಂ.ಮೀ. ಬಂದಿತ್ತು. ಚೀಟಿಯಲ್ಲಿ ಹೀಗಿದೆ: ದೂರಕ್ಕೆ ಬಲಗಣ್ಣು +0.50. ಎಡಗಣ್ಣು +0.75, ಸಿಲಿಂಡರ್ −1.50, ಆಕ್ಸಿಸ್ 90. ಹತ್ತಿರಕ್ಕೆ ಕೂಡಿಸುವುದು +2.50. ಪೊರೆ ಇನ್ನೂ ಶುರುವಿನಲ್ಲಿದೆ, ಒತ್ತಡ ಸರಿ ಇದೆ ಎಂದರು. ಕಸೂತಿಗೇ ಬೇರೆ ಕನ್ನಡಕ ಮಾಡಿಸಲು ಹೇಳಿದರು.

ಪರೀಕ್ಷೆಯ ಕನ್ನಡಕದಲ್ಲಿ ಎಡಗಣ್ಣಿಗೆ ಸಿಲಿಂಡರ್ ಗಾಜು ಹಾಕಿದ ತಕ್ಷಣ ಅವ್ವ ಬಟ್ಟೆ ಹಿಡಿದು ಎಳೆ ಎಣಿಸಲು ಶುರು ಮಾಡಿದರು. ಅಲ್ಲಿದ್ದವರು ಸಾಕು ಎನ್ನುವವರೆಗೂ ಬಿಡಲಿಲ್ಲ. ಸರ್, ಈ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೀರಾ? ಪೇಪರ್ ಯಾಕೆ ಕಾಣುತ್ತಿತ್ತು, ಕಸೂತಿ ಯಾಕೆ ಇಲ್ಲ?

ಕಣ್ಣಿನ ಕೋಣೆ

ಬಹಳ ಒಳ್ಳೆಯದಾಯಿತು. ಲೆಕ್ಕ ಸುಲಭ ಇದೆ. ನಂಬರಿನಿಂದ 100ನ್ನು ಭಾಗಿಸಿದರೆ ಎಷ್ಟು ಸೆಂ.ಮೀ. ದೂರ ಸ್ಪಷ್ಟ ಎಂಬುದು ಬರುತ್ತದೆ.

ಆಕ್ಸಿಸ್ ಎಂದರೆ ಸಿಲಿಂಡರ್ ಕೂರುವ ಕೋನ. ಎಡಗಣ್ಣಿನ ಚೀಟಿ ಹೇಳುವುದೇನೆಂದರೆ, ಅಡ್ಡ ಎಳೆಗಳಿಗೆ ಆ ಕಣ್ಣು +0.75 ಬೇಡುತ್ತದೆ, ಉದ್ದ ಎಳೆಗಳಿಗೆ ಅದರಲ್ಲಿ ಸಿಲಿಂಡರಿನ 1.50 ಕಳೆದು −0.75. ಅದರ ಮುಂದೆ 2.50ರ ರೆಡಿಮೇಡ್ ಇಟ್ಟೆವು. ಅಡ್ಡ ಎಳೆಗೆ 2.50ರಲ್ಲಿ 0.75 ಖರ್ಚಾಗಿ 1.75 ಉಳಿಯಿತು, ಅಂದರೆ 57 ಸೆಂ.ಮೀ. ಉದ್ದ ಎಳೆಗೆ 0.75 ಕೂಡಿ 3.25 ಆಯಿತು, ಅಂದರೆ 31 ಸೆಂ.ಮೀ. ಬಟ್ಟೆ ಇರುವುದು 33ರಲ್ಲಿ. ಉದ್ದ ಎಳೆ ಸರಿ ಕಂಡಿತು, ಅಡ್ಡ ಎಳೆ ಕರಗಿ ಹೋಯಿತು. ಈ ವಯಸ್ಸಿನಲ್ಲಿ ಕಣ್ಣಿಗೆ ಸ್ವಂತ ಶಕ್ತಿ ಸ್ವಲ್ಪ ಉಳಿದಿರುತ್ತದೆ, ಅದನ್ನೆಲ್ಲ ಹಾಕಿದರೂ 57 ರಿಂದ 33ರವರೆಗೆ ಎಳೆದು ತರಲು ಆಗುವುದಿಲ್ಲ. ಆ ಹೆಣಗಾಟವೇ ಹುಬ್ಬಿನ ನೋವು.

3.00 ತಂದಿದ್ದರೆ? ಅಡ್ಡ ಎಳೆ 44 ಸೆಂ.ಮೀ., ಉದ್ದ ಎಳೆ 27 ಸೆಂ.ಮೀ. ಈಗಲೂ ಎರಡೂ ಒಂದೇ ಕಡೆ ಸೇರಲಿಲ್ಲ, ನೋಡಿ.

ಪೇಪರ್ ಯಾಕೆ ಕಾಣುತ್ತಿತ್ತು ಎಂದರೆ, ಅಕ್ಷರ ಓದಲು ಪ್ರತಿ ಗೆರೆಯೂ ಸ್ಪಷ್ಟ ಇರಬೇಕಿಲ್ಲ. ಪದದ ಆಕಾರ ಗೊತ್ತಿರುತ್ತದೆ, ಬಲಗಣ್ಣು ಒಂದೇ ಓದಿಸುತ್ತದೆ, ಪೇಪರನ್ನು ಸ್ವಲ್ಪ ದೂರ ಹಿಡಿಯಬಹುದು. ಎಳೆ ಎಣಿಕೆಯಲ್ಲಿ ಊಹೆಗೆ ಜಾಗ ಇಲ್ಲ. ಅದಕ್ಕೇ "ಪೇಪರ್ ಕಾಣುತ್ತದೆ" ಎನ್ನುವುದನ್ನು ನಂಬಿ ಕೂರಬಾರದು ಎನ್ನುತ್ತೇನೆ. ಒಂದು ಕಣ್ಣು ಪೂರ್ತಿ ಹಿಂದೆ ಬಿದ್ದಿದ್ದರೂ ಎರಡೂ ತೆರೆದು ಓದುವಾಗ ಗೊತ್ತೇ ಆಗುವುದಿಲ್ಲ.

ಲೈನ್ ಬಜಾರ್ ಚಸ್ಮಾ

ಮೇಡಂ, ಗಾಜು ಮಾಡಿಸುವಾಗ ಒಂದು ನೋಡಿಕೊಳ್ಳಿ. ಹತ್ತಿರದ ಪಿಡಿ ಅಳೆದು ಹಾಕಿ ಎಂದು ಹೇಳಿ, ದೂರದ್ದಕ್ಕಿಂತ ಅದು ಕಡಿಮೆ ಇರುತ್ತದೆ. ಬಲಕ್ಕೆ +3.00, ಎಡಕ್ಕೆ +3.25 ಮತ್ತು −1.50 ಬರಬೇಕು. ಸಿಲಿಂಡರ್ ಇರುವುದರಿಂದ ಫ್ರೇಮ್ ಸೊಟ್ಟಗೆ ಕೂತರೆ ಆಕ್ಸಿಸ್ ತಪ್ಪುತ್ತದೆ, ಮತ್ತೆ ಮಸುಕು. ಅಗಲ ಫ್ರೇಮ್ ಬೇಡ. ಮೂಗಿನ ಮೇಲೆ ಜಾರದ ಸಣ್ಣ ಫ್ರೇಮ್ ತಗೊಳ್ಳಿ. ಸಾದಾ ಗಾಜು, ಫ್ರೇಮ್ ಸೇರಿ ಸಾವಿರದೊಳಗೆ ಆಗುತ್ತದೆ.

ಮಾಳಮಡ್ಡಿ ಮಗಳು

ನೀವು ಹೇಳಿದ ನಂಬರೇ ಚೀಟಿಯ ಕೆಳಗೆ ಬರೆದಿದ್ದಾರೆ. ಧನ್ಯವಾದ. ಈ ಕನ್ನಡಕ ಹಾಕಿ ಎದ್ದು ಓಡಾಡಿದರೆ ನೆಲ ಏರಿದ ಹಾಗೆ ಕಾಣುತ್ತದೆ ಎಂದು ಈಗಲೇ ಹೆದರಿಸಿದ್ದಾರೆ. ಅಡುಗೆ ಮನೆಗೆ ಹೋಗುವಾಗ ತೆಗೆದಿಡಬೇಕು ಅಲ್ವಾ?

ಕಣ್ಣಿನ ಕೋಣೆ

ಹೌದು, ಅರ್ಧ ಮೀಟರ್ ಆಚೆಗೆ ಎಲ್ಲ ಮಸುಕು. ಮೆಟ್ಟಿಲ ಮೇಲೆ ಅಂತೂ ಬೇಡವೇ ಬೇಡ. ಕುತ್ತಿಗೆಗೆ ದಾರ ಹಾಕಿಸಿ. ಚಂದ್ರಕಾಳಿಗೆ ಬೆಳಕಿನ ಕಡೆಯೂ ಗಮನ ಕೊಡಿ, ಕರಿ ಬಟ್ಟೆ ಬೆಳಕನ್ನು ಕುಡಿಯುತ್ತದೆ. ಎಡಗಡೆಯಿಂದ ಬೀಳುವ ಹಾಗೆ ಒಂದು ಟೇಬಲ್ ಲೈಟು ಇಡಿ. ಜೋರು ಬೆಳಕಿಗೆ ಪಾಪೆ ಸಣ್ಣದಾಗಿ ಎಳೆ ಇನ್ನೂ ಸ್ಪಷ್ಟ ಕಾಣುತ್ತದೆ.

ಹಳೇ ಹುಬ್ಬಳ್ಳಿ ಕಸೂತಿ

ನಾನೂ ಕಸೂತಿ ಹಾಕುತ್ತೇನೆ. ಕರಿ ಬಟ್ಟೆಗೆ ತೊಡೆಯ ಮೇಲೆ ಬಿಳಿ ಟವೆಲ್ ಹಾಕಿಕೊಂಡು ಕೂರಿ. ಎಳೆಗಳ ನಡುವಿನ ಸಂದಿಯಲ್ಲಿ ಬಿಳಿ ಇಣುಕುತ್ತದೆ, ಎಣಿಸಲು ಸಲೀಸು. ಮೆಂತಿ ಹೊಲಿಗೆ ಹೇಗೋ ಹಾಕಬಹುದು, ಗವಂತಿಗೆ ಇದು ಬೇಕೇ ಬೇಕು.

ಗದಗ ಮೇಷ್ಟ್ರು

ನಾನೂ ಕಣ್ಣು ಮುಚ್ಚಿ ನೋಡಿದೆ. ಎರಡೂ ಒಂದೇ ಥರ ಇವೆ, ದೂರದ್ದೂ ಸರಿ ಇದೆ. ಹಾಗಾಗಿ ನನ್ನ ರೆಡಿಮೇಡ್ ನಾನು ಬಿಡುವುದಿಲ್ಲ. ಒಂದು ಪ್ರಶ್ನೆ ಮಾತ್ರ ಉಳಿದಿದೆ. ನಮ್ಮಲ್ಲಿ ಕೆಲವು ಉಚಿತ ಶಿಬಿರಗಳಲ್ಲಿ ವಯಸ್ಸು ಕೇಳಿ ಒಂದು ರೆಡಿಮೇಡ್ ಕೊಟ್ಟು ಕಳಿಸುತ್ತಾರೆ. ಅದು ಸರಿಯಾ ತಪ್ಪಾ?

ಉಣಕಲ್ ಕೆರೆ

ತಪ್ಪು. ಎರಡೂ ಕಣ್ಣು ಬೇರೆ ಬೇರೆ ನೋಡದೆ ಕೊಡಲೇಬಾರದು.

ಬೆಟಗೇರಿ ಮಗ್ಗ

ಕೊಡಲೇಬಾರದು ಎಂದರೆ ನಮ್ಮ ಓಣಿಯ ಅರ್ಧ ಮಂದಿಗೆ ಕನ್ನಡಕವೇ ಸಿಗುವುದಿಲ್ಲ. ಶಿಬಿರದಲ್ಲಿ ಒಂದು ಗೋಡೆ, ಒಂದು ಅಕ್ಷರದ ಹಲಗೆ ಇರುತ್ತದೆ. ಒಂದೊಂದು ಕಣ್ಣು ಮುಚ್ಚಿಸಿ ದೂರದ್ದು ಓದಿಸಲು ಎಷ್ಟು ಹೊತ್ತು ಬೇಕು? ಓದಿದವರಿಗೆ ರೆಡಿಮೇಡ್ ಕೊಡಲಿ, ಓದದವರಿಗೆ ಚೀಟಿ ಬರೆದು ದೊಡ್ಡ ದವಾಖಾನೆಗೆ ಕಳಿಸಲಿ.

ಕಣ್ಣಿನ ಕೋಣೆ

ಬೆಟಗೇರಿಯವರ ಮಾತಿಗೆ ನನ್ನ ಒಪ್ಪಿಗೆ. ಆದರೆ ನವಲಗುಂದದ ಅಕ್ಕನಂಥವರು ಆ ಹಲಗೆಯನ್ನು ಪೂರ್ತಿ ಓದಿಬಿಡುತ್ತಾರೆ. ಪ್ಲಸ್ ನಂಬರ್ ಮುಚ್ಚಿಟ್ಟ ಕಣ್ಣು ದೂರಕ್ಕೆ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೆ ವಯಸ್ಸಿಗಿಂತ ಜಾಸ್ತಿ ನಂಬರ್ ಬೇಡುವವರನ್ನೂ, ಶುಗರ್ ಇರುವವರನ್ನೂ, ಮನೆಯಲ್ಲಿ ಗ್ಲಾಕೋಮಾ ಇದ್ದವರನ್ನೂ ಹಲಗೆ ಓದಿದರೂ ಕಳಿಸಬೇಕು.

ಉಣಕಲ್ ಕೆರೆ

ಅಷ್ಟೆಲ್ಲ ಕೇಳುವಷ್ಟು ವ್ಯವಧಾನ ಶಿಬಿರದಲ್ಲಿ ಯಾರಿಗಿರುತ್ತದೆ ಸರ್?

ನವಲಗುಂದ ಹೊಲ

ಹೋಗಿ ಬಂದೆವು. ಒತ್ತಡ ಎರಡೂ ಕಣ್ಣಲ್ಲಿ ಜಾಸ್ತಿ ಇದೆ, ಸಂದಿ ಕಿರಿದಾಗಿದೆ ಎಂದರು. ಹನಿ ಕೊಟ್ಟಿದ್ದಾರೆ. ಲೇಸರ್‌ಗೆ ಸೋಮವಾರ ಬರಲು ಹೇಳಿದ್ದಾರೆ. ಅವಳ ಅಕ್ಕ, ತಂಗಿಯರ ಕಣ್ಣನ್ನೂ ನೋಡಿಸಿ ಎಂದರು. ಅಕ್ಕ ಅಣ್ಣಿಗೇರಿಯಲ್ಲಿದ್ದಾರೆ, ಅವರೂ ಸಂತೆಯ ಚಾಳೀಸೇ ಹಾಕುವುದು. ಸೋಮವಾರ ಅವರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದೇವೆ.